ಹಳೆ ಆರ್ಡರ್ ಮತ್ತೆ ಒತ್ತುವ ಮುನ್ನ

ಅಂಗಡಿ ನಡೆಸುವ ನಿಮಗೆ ಪುರುಸೊತ್ತಿಲ್ಲ ಅನ್ನುವುದು ನನಗೆ ಗೊತ್ತು. ಒಂದು ಕೈಯಲ್ಲಿ ಸಕ್ಕರೆ ತೂಗುತ್ತಿರುತ್ತೀರಿ, ಇನ್ನೊಂದು ಕೈಯಲ್ಲಿ ಫೋನು, ಎದುರಿಗೆ ಚಿಲ್ಲರೆಗಾಗಿ ಕಾಯುತ್ತಿರುವ ಗಿರಾಕಿ. ಅಂಥ ಹೊತ್ತಿನಲ್ಲೇ ಡಿಸ್ಟ್ರಿಬ್ಯೂಟರ್ ಕೊಟ್ಟ ಪೋರ್ಟಲ್ ತೆರೆದು, ಹಿಂದಿನ ಆರ್ಡರ್ ಪಕ್ಕದ 'ರೀಆರ್ಡರ್' ಗುಂಡಿ ಒತ್ತಿ, ಹಿಂದೆಯೇ 'ಕನ್‌ಫರ್ಮ್' ಒತ್ತಿ, ಫೋನನ್ನು ಗಲ್ಲಾದ ಪಕ್ಕಕ್ಕೆ ತಳ್ಳಿಬಿಡುತ್ತೀರಿ. ಮೂವತ್ತು ನಲವತ್ತು ಸಾಲು ಮತ್ತೆ ಹುಡುಕಿ ಹಾಕುವ ಕಷ್ಟ ತಪ್ಪಿತಲ್ಲ, ಅದು ಒಳ್ಳೆಯದೇ. ಆದರೆ ಏಜೆನ್ಸಿಯ ಬಿಲ್ಲಿಂಗ್ ಮೇಜಿನ ಹಿಂದೆ ಕೂತು ನಿಮ್ಮ ಆರ್ಡರ್‌ಗಳನ್ನು ನೋಡುವವಳು ನಾನು. ಮಾಲು ಇಳಿಸಿದ ಮೇಲೆ "ಅಕ್ಕಾ, ಇಷ್ಟು ಕೇಳಿರಲಿಲ್ಲ", "ಈ ದರ ಹೋದ ಸಲ ಇರಲಿಲ್ಲ" ಎಂದು ಫೋನ್ ಮಾಡುವವರಲ್ಲಿ ಹೆಚ್ಚಿನವರು ಆ ಎರಡು ಗುಂಡಿಗಳ ನಡುವೆ ಬರುವ ಪರದೆಯನ್ನು ಓದಿರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ? ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಮೊದಲು ಆ ಗುಂಡಿ ಏನು ಮಾಡುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ. ಅದು ಹಳೆ ಆರ್ಡರಿನಿಂದ ಎರಡೇ ಸಂಗತಿ ಎತ್ತಿಕೊಳ್ಳುತ್ತದೆ: ಯಾವ ಐಟಂ ಮತ್ತು ಎಷ್ಟು. ದರ, ತೆರಿಗೆ, ಸ್ಕೀಮು, ಗೋದಾಮಿನಲ್ಲಿ ಮಾಲು ಇದೆಯೋ ಇಲ್ಲವೋ, ಇವೆಲ್ಲ ಇವತ್ತಿನವು. ಹೋದ ತಿಂಗಳ ಸಾಮಾನಿನ ಚೀಟಿಯನ್ನೇ ಕೈಯಲ್ಲಿ ಹಿಡಿದು ಈ ತಿಂಗಳು ಅಂಗಡಿಗೆ ಬಂದ ಹಾಗೆ ಅದು. ಚೀಟಿ ಹಳೆಯದು, ಅಂಗಡಿಯ ಬೆಲೆ ಇವತ್ತಿನದು. ನಿಮ್ಮ ಅಂಗಡಿಗೆ ಯಾರಾದರೂ ಆರು ತಿಂಗಳ ಹಿಂದಿನ ಬಿಲ್ ತಂದು ಅದೇ ದರಕ್ಕೆ ಕೊಡಿ ಎಂದರೆ ನೀವು ಕೊಡುತ್ತೀರಾ? ಏಜೆನ್ಸಿಯವರೂ ಕೊಡುವುದಿಲ್ಲ. ಆದ್ದರಿಂದ ರೀಆರ್ಡರ್ ಒತ್ತಿದ ಕೂಡಲೇ ಆರ್ಡರ್ ಆಗಿಹೋಯಿತು ಅಂದುಕೊಳ್ಳಬೇಡಿ. ಮಾಲು ಕಾರ್ಟಿಗೆ ಬಂದಿದೆ, ಅಷ್ಟೇ. ನಿಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ದರದ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜಾಣರೂ ಎಡವುತ್ತಾರೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತಲ್ಲ, ಆಗ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಇವೆಲ್ಲ ನೂರಕ್ಕೆ 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ ನೂರಕ್ಕೆ 12ರಿಂದ 5ಕ್ಕೆ ಬಂದವು. ಅಡುಗೆ ಎಣ್ಣೆ ಮೊದಲೂ 5ರಲ್ಲಿತ್ತು, ಈಗಲೂ 5ರಲ್ಲೇ ಇದೆ. ಹೀಗಿರುವಾಗ ಆಗಸ್ಟ್‌ನ ಒಂದು ಆರ್ಡರನ್ನು ಅಕ್ಟೋಬರ್‌ನಲ್ಲಿ ಮತ್ತೆ ಹಾಕಿದಿರಿ ಅಂದುಕೊಳ್ಳಿ. ಪಟ್ಟಿ ಅದೇ, ಆದರೆ ಒಂದೊಂದು ಸಾಲಿನ ಬೆಲೆಯೂ ಒಂದೊಂದು ಥರ ಬದಲಾಗಿರುತ್ತದೆ. ಮೊತ್ತ ಕಡಿಮೆ ಕಂಡಿತು ಅಂತ ಖುಷಿಯಿಂದ ಕನ್‌ಫರ್ಮ್ ಒತ್ತುತ್ತೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಂಡು ಸೋಪಿನ ಒಂದು ಸಾಲು ನೋಡೋಣ. ಆಗಸ್ಟ್‌ನಲ್ಲಿ ಒಂದು ಕೇಸಿಗೆ ತೆರಿಗೆ ಬಿಟ್ಟು 1,000 ರೂಪಾಯಿ. ಅದರ ಮೇಲೆ ನೂರಕ್ಕೆ 18 ಸೇರಿ 1,180. ಅಕ್ಟೋಬರ್‌ನಲ್ಲಿ ಅದೇ ಕೇಸಿಗೆ ಪೋರ್ಟಲ್ 1,092 ತೋರಿಸುತ್ತಿದೆ. ಕೇಸಿಗೆ 88 ರೂಪಾಯಿ ಇಳಿಯಿತು ಅಂತ ನೀವು ಅಂದುಕೊಂಡಿರಿ. ಈಗ ತೆರಿಗೆ ಬಿಟ್ಟ ದರ ನೋಡಿ: 1,040. ಅಂದರೆ ಸರ್ಕಾರ ತೆರಿಗೆ ಇಳಿಸಿತು, ಅದೇ ಹೊತ್ತಿನಲ್ಲಿ ನಿಮ್ಮ ಮೂಲ ದರ ಕೇಸಿಗೆ 40 ರೂಪಾಯಿ ಏರಿತು. ಏರಿಕೆ ಆಗದೇ ಇದ್ದಿದ್ದರೆ ನಿಮಗೆ ಬರಬೇಕಾಗಿದ್ದದ್ದು 1,050. ಇಳಿದ ಮೊತ್ತದ ಹಿಂದೆ ಏರಿದ ದರ ಅಡಗಿ ಕೂತಿದೆ.

"ಹೋಗಲಿ ಬಿಡಿ, ಒಟ್ಟು ಕಡಿಮೆಯೇ ಆಯಿತಲ್ಲ" ಎನ್ನಬೇಡಿ. ನೀವು ಮಾರುವ ಬೆಲೆಯೂ ಇಳಿದಿದೆ. ಆ ಕೇಸಿನ ಸೋಪುಗಳ ಎಂಆರ್‌ಪಿ ಸೇರಿಸಿ ಮೊದಲು 1,350 ಆಗುತ್ತಿತ್ತು, ಈಗ 1,200 ಅಂತ ಇಟ್ಟುಕೊಳ್ಳಿ. ನೀವು ಕಾಂಪೊಸಿಷನ್‌ನಲ್ಲಿದ್ದು ಕೊಂಡ ಮಾಲಿನ ತೆರಿಗೆ ವಾಪಸು ಸಿಗದವರಾದರೆ, ಮೊದಲು 1,180ಕ್ಕೆ ತಂದು 1,350ಕ್ಕೆ ಮಾರಿ 170 ಉಳಿಸುತ್ತಿದ್ದಿರಿ. ಮೂಲ ದರ ಏರದಿದ್ದರೆ ಈಗ 150 ಉಳಿಯುತ್ತಿತ್ತು. ಏರಿದ್ದರಿಂದ 108 ಉಳಿಯುತ್ತದೆ. ಹೆಸರಿಗೆ ಬೆಲೆ ಇಳಿದ ಮಾಲು, ನಿಮ್ಮ ಜೇಬಿಗೆ ಬರುವುದು ಮಾತ್ರ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ರೆಗ್ಯುಲರ್ ನೋಂದಣಿ ಇದ್ದು ಇನ್‌ಪುಟ್ ತೆಗೆದುಕೊಳ್ಳುವವರಾದರೆ ಅಂಕಿ ಬೇರೆ ಬರುತ್ತದೆ, ಕಥೆ ಇದೇ. ಹಾಗಾಗಿ ಹಳೆ ಮೊತ್ತಕ್ಕೂ ಹೊಸ ಮೊತ್ತಕ್ಕೂ ಹೋಲಿಸುವ ಅಭ್ಯಾಸ ಬಿಡಿ. ಸಾಲು ಸಾಲಾಗಿ ತೆರಿಗೆ ಬಿಟ್ಟ ದರವನ್ನು ಹೋಲಿಸಿ, ಅದರ ಪಕ್ಕದಲ್ಲಿ ಎಂಆರ್‌ಪಿ ನೋಡಿ. ನಲವತ್ತೂ ಸಾಲು ನೋಡಿ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಪೋರ್ಟಲ್ ಆದರೆ ದರ ಬದಲಾದ ಸಾಲುಗಳಿಗೇ ಬೇರೆ ಬಣ್ಣ ಹಾಕಿ ಹಳೆ ದರ, ಹೊಸ ದರ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಅವನ್ನಷ್ಟು ಓದಿದರೆ ಸಾಕು. ನಿಮ್ಮ ಪೋರ್ಟಲ್ ಹಾಗೆ ತೋರಿಸುವುದಿಲ್ಲವಾದರೆ, ನಿಮಗೆ ಹೆಚ್ಚು ಹೋಗುವ ಎಂಟು ಹತ್ತು ಐಟಂ ಆರಿಸಿಕೊಂಡು ಹಳೆ ಬಿಲ್ ಪಕ್ಕಕ್ಕಿಟ್ಟು ನೋಡಿ.

ಪೋರ್ಟಲ್ ಮಾಡಿಸುವ ಏಜೆನ್ಸಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ದರ ಬದಲಾಗಿರುವುದನ್ನು ಮುಚ್ಚಿಟ್ಟು ಗಿರಾಕಿಯಿಂದ ಕನ್‌ಫರ್ಮ್ ಒತ್ತಿಸಿಕೊಳ್ಳುವುದು ಜಾಣತನವಲ್ಲ. ಮಾಲು ವಾಪಸು ಬಂದಾಗ ಗಾಡಿ ಬಾಡಿಗೆ ನಿಮ್ಮ ತಲೆಗೇ ಬರುತ್ತದೆ, ಕ್ರೆಡಿಟ್ ನೋಟ್ ಬರೆಯುವವಳು ನನ್ನಂಥವಳೇ. ಸರಿ, ಮುಂದಕ್ಕೆ ಹೋಗೋಣ.

ಸ್ಕೀಮಿನ ಸಾಲನ್ನು ಬೇರೆಯಾಗಿ ನೋಡಬೇಕು. ಹೋದ ಸಲ ಹನ್ನೆರಡಕ್ಕೆ ಒಂದು ಫ್ರೀ ಇತ್ತು, ನೀವು 24 ಟೂತ್‌ಪೇಸ್ಟ್ ಹಾಕಿದಿರಿ, 26 ಬಂದವು. ಬಿಲ್ಲಿನಲ್ಲಿ 24ಕ್ಕೆ ದುಡ್ಡು, 2 ಸೊನ್ನೆ ದರದಲ್ಲಿ ಇರುತ್ತದೆ. ಇದನ್ನು ಮತ್ತೆ ಆರ್ಡರ್ ಮಾಡಿದಾಗ ಸರಿಯಾದ ಪೋರ್ಟಲ್ ಫ್ರೀ ಸಾಲನ್ನು ಬಿಟ್ಟು 24ನ್ನಷ್ಟೇ ತರಬೇಕು, ಇವತ್ತು ಸ್ಕೀಮು ಜಾರಿಯಲ್ಲಿದ್ದರೆ ತಾನೇ ಫ್ರೀ ಸೇರಿಸಬೇಕು. ಒರಟಾಗಿ ಮಾಡಿದ ಪೋರ್ಟಲ್ ಎರಡನ್ನೂ ಸೇರಿಸಿ 26ಕ್ಕೂ ದುಡ್ಡು ಹಾಕಿಬಿಡುತ್ತದೆ. ಗುರುತಿಸುವುದು ಕಷ್ಟವಲ್ಲ: ನೀವು ಯಾವತ್ತೂ 26, 13, 39 ಅಂತ ಆರ್ಡರ್ ಹಾಕುವವರಲ್ಲ. ಅಂಥ ಸೊಟ್ಟ ಸಂಖ್ಯೆ ಕಂಡರೆ ಅದು ಹಳೆ ಫ್ರೀ ಮಾಲಿನ ನೆರಳು ಎಂದು ತಿಳಿಯಿರಿ. ಸ್ಕೀಮು ಮುಗಿದಿದೆ ಅಂತ ತೋರಿಸಿದರೆ ಆ ಐಟಂ ಒಂದು ವಾರ ತಡೆಯಬಹುದೇ ಎಂದು ಯೋಚಿಸಿ. ನಿಮ್ಮ ಬೀಟಿಗೆ ಬರುವ ಸೇಲ್ಸ್‌ಮನ್‌ಗೆ ಮುಂದಿನ ಸ್ಕೀಮು ಯಾವಾಗ ಅನ್ನುವುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಕೇಳಿದರೆ ಗಂಟೇನೂ ಹೋಗುವುದಿಲ್ಲ.

ಇನ್ನು ಎಣಿಕೆ. '2' ಅಂತ ಕಂಡರೆ ಎರಡು ಏನು? ಪೀಸೋ, ಡಜನ್ನೋ, ಬಾಕ್ಸೋ, ಕೇಸೋ? ಕಂಪನಿಯವರು ಕೇಸಿನೊಳಗಿನ ಸಂಖ್ಯೆ ಬದಲಾಯಿಸುತ್ತಲೇ ಇರುತ್ತಾರೆ. ಹೋದ ಸಲ ಕೇಸಿಗೆ 48 ಇದ್ದದ್ದು ಈ ಸಲ 36 ಆಗಿದ್ದರೆ, ನಿಮ್ಮ 'ಎರಡು ಕೇಸ್' ಅನ್ನುವುದು 96ರ ಬದಲು 72 ಆಗುತ್ತದೆ. ಕೇಸಿನ ದರ ಇಳಿದಂತೆ ಕಂಡಾಗ ಮೊದಲು ಕೇಸಿನೊಳಗೆ ಎಷ್ಟಿದೆ ನೋಡಿ, ಆಮೇಲೆ ಒಂದು ಪೀಸಿಗೆ ಎಷ್ಟು ಬಿತ್ತು ಅಂತ ಭಾಗಿಸಿ. ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ, ಅದೇನು ಮಕ್ಕಳ ಆಟಕ್ಕೆ ಇಟ್ಟಿದ್ದೇ?

ಹಾಗೆಯೇ ಕಾರ್ಟಿನಲ್ಲಿ ಎಷ್ಟು ಸಾಲು ಬಂದಿದೆ ಅಂತ ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ. ಹಳೆ ಆರ್ಡರಿನಲ್ಲಿ 31 ಐಟಂ, ಈಗ 28 ಮಾತ್ರ ಅಂದರೆ ಮೂರು ಎಲ್ಲೋ ಉದುರಿವೆ. ಐದು ಹತ್ತು ರೂಪಾಯಿಯ ಬಿಸ್ಕತ್ತು, ಸೋಪು, ಶಾಂಪೂ ಪೊಟ್ಟಣಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಆ ಪೊಟ್ಟಣಗಳ ಬೆಲೆ ಬದಲಾಯಿಸಿದರೆ ಚಿಲ್ಲರೆ ತೊಂದರೆ ಅಂತ ಕಂಪನಿಯವರು ಬೆಲೆ ಹಾಗೇ ಇಟ್ಟು ತೂಕ ಹೆಚ್ಚು ಕಡಿಮೆ ಮಾಡುತ್ತಾರೆ. ತೂಕ ಬದಲಾದರೆ ಸಾಮಾನ್ಯವಾಗಿ ಐಟಂ ಕೋಡ್ ಹೊಸದಾಗುತ್ತದೆ. ಹಳೆ ಕೋಡ್ ನಿಂತುಹೋದದ್ದರಿಂದ ರೀಆರ್ಡರ್‌ಗೆ ಅದು ಸಿಗುವುದಿಲ್ಲ. ಅದೇ ಬಿಸ್ಕತ್ತು ಗೋದಾಮಿನ ತುಂಬ ಇರುತ್ತದೆ, ನಿಮ್ಮ ಪರದೆ ಮಾತ್ರ ಇಲ್ಲ ಎನ್ನುತ್ತದೆ. ಕೆಲವು ಪೋರ್ಟಲ್‌ಗಳು 'ಈ ಐಟಂಗಳು ಸೇರಿಲ್ಲ' ಅಂತ ಪಟ್ಟಿಯ ತೀರಾ ಕೆಳಗೆ ಸಣ್ಣಕ್ಷರದಲ್ಲಿ ಹಾಕುತ್ತವೆ. ಕೆಳಗಿನ ತನಕ ಜಾರಿಸಿ ನೋಡಿ, ಉದುರಿದ ಐಟಂ ಅನ್ನು ಹೆಸರಿನಿಂದ ಹುಡುಕಿ ಹೊಸ ಕೋಡಿನಲ್ಲಿ ಸೇರಿಸಿಕೊಳ್ಳಿ. ಇಷ್ಟನ್ನು ಮಾಡದೆ ಪಕ್ಕದ ಅಂಗಡಿಯಿಂದ ಚಿಲ್ಲರೆ ದರಕ್ಕೆ ಡಬ್ಬ ತಂದು ಮಾರಿದವರಿದ್ದಾರೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು ಅವರ ಪಾಡು.

ಸ್ಟಾಕ್ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ. "ನಿಮ್ಮ ಗೋದಾಮಿನಲ್ಲಿ ಎಣ್ಣೆ ಬಾಕ್ಸ್ ಸಾಲಾಗಿ ಜೋಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ, ಪೋರ್ಟಲ್ ಯಾಕೆ ಇಲ್ಲ ಎನ್ನುತ್ತದೆ?" ಅಂತ ಜಗಳಕ್ಕೆ ಬರುತ್ತೀರಿ. ಗೋದಾಮಿನಲ್ಲಿ ಇರುವುದು ಬೇರೆ, ನಿಮಗೆ ಕೊಡಲು ಇರುವುದು ಬೇರೆ. ಸನ್‌ಫ್ಲವರ್ ಎಣ್ಣೆ 40 ಬಾಕ್ಸ್ ಇದೆ, ಅದರಲ್ಲಿ 32 ಬಾಕ್ಸ್ ಬೆಳಿಗ್ಗೆಯೇ ಬೇರೆಯವರು ಆರ್ಡರ್ ಹಾಕಿ ಕನ್‌ಫರ್ಮ್ ಮಾಡಿದ್ದಾರೆ, ಇನ್ನೂ ಗಾಡಿಗೆ ಹತ್ತಿಲ್ಲ, ಅಷ್ಟೇ. ನಿಮಗೆ ಉಳಿದದ್ದು 8. ನಿಮ್ಮ ಹಳೆ ಆರ್ಡರಿನಲ್ಲಿ 12 ಇದ್ದರೆ ಪೋರ್ಟಲ್ 12ರ ಪಕ್ಕದಲ್ಲಿ '8 ಲಭ್ಯ' ಎಂದು ತೋರಿಸಬೇಕು, ತೋರಿಸುತ್ತದೆ. ಈಗ ನೀವು ತೀರ್ಮಾನ ಮಾಡಬೇಕು. ಎಂಟನ್ನೇ ತೆಗೆದುಕೊಂಡು ನಾಲ್ಕನ್ನು ಬಿಡುತ್ತೀರಾ, ನಾಲ್ಕು ಬಂದಾಗ ಕಳಿಸಿ ಎಂದು ಬಾಕಿ ಇಡುತ್ತೀರಾ, ಅಥವಾ ಬೇರೆ ಬ್ರಾಂಡ್ ತೆಗೆದುಕೊಳ್ಳುತ್ತೀರಾ?

ಬಾಕಿ ಇಡುವುದಾದರೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: ಆ ನಾಲ್ಕು ಬಾಕ್ಸಿಗೆ ಆರ್ಡರ್ ದಿನದ ದರವೋ, ಬಿಲ್ ದಿನದ ದರವೋ? ಎಣ್ಣೆಯಂಥ ಮಾಲಿನಲ್ಲಿ ಬಿಲ್ ಮಾಡುವ ದಿನದ ದರ ಎಂದೇ ಹೆಚ್ಚಿನ ಏಜೆನ್ಸಿಗಳು ಇಟ್ಟುಕೊಂಡಿರುತ್ತವೆ. ಮೇಲೆ ಹೋದರೆ ನಿಮಗೆ ಹೊರೆ, ಕೆಳಗೆ ಬಂದರೆ ನಿಮಗೆ ಲಾಭ, ಆದರೆ ಗೊತ್ತಿಲ್ಲದೆ ಒಪ್ಪಿಕೊಳ್ಳಬೇಡಿ. ಅಷ್ಟು ಹೊತ್ತಿಗೆ ನೀವು ಬೇರೆ ಕಡೆಯಿಂದ ಎಣ್ಣೆ ತರಿಸಿಕೊಂಡಿದ್ದರೆ ಬಾಕಿಯನ್ನು ರದ್ದು ಮಾಡಿ. ಅದನ್ನು ಮರೆತವರ ಅಂಗಡಿಗೆ ವಾರದ ನಂತರ ನಾಲ್ಕು ಬಾಕ್ಸ್ ಬಂದು ಇಳಿಯುತ್ತದೆ. ಇಳಿಸುವ ಹುಡುಗನ ಮೇಲೆ ರೇಗುತ್ತೀರಿ, ಪಾಪ, ಅವನದೇನು ತಪ್ಪು?

'ಇಲ್ಲದಿದ್ದರೆ ಬದಲಿ ಕಳಿಸಿ' ಎಂಬ ಚೌಕದಲ್ಲಿ ಒಟ್ಟಾರೆ ಟಿಕ್ ಹಾಕಿ ಇಡಬೇಡಿ. ಬೇಳೆಯಲ್ಲಿ, ಎಣ್ಣೆಯಲ್ಲಿ, ಚಹಾ ಪುಡಿಯಲ್ಲಿ ನಿಮ್ಮ ಓಣಿಯ ಗಿರಾಕಿಗೆ ಅವರದೇ ಬ್ರಾಂಡ್ ಬೇಕು. ಪೊರಕೆ, ಬೆಂಕಿಪೆಟ್ಟಿಗೆಯಲ್ಲಿ ಬದಲಿ ಬಂದರೂ ನಡೆಯುತ್ತದೆ. ಸಾಲಿಗೊಂದು ಸಲ ಹೇಳುವ ಅವಕಾಶ ಇದ್ದರೆ ಹಾಗೇ ಹೇಳಿ, ಇಲ್ಲದಿದ್ದರೆ ಟಿಕ್ ತೆಗೆದು ಇಡಿ.

ಇನ್ನೊಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕಾರ್ಟಿಗೆ ಹಾಕಿದ ಮಾಲು ನಿಮ್ಮದಲ್ಲ. ಸಾಮಾನ್ಯವಾಗಿ ಕನ್‌ಫರ್ಮ್ ಆದ ಮೇಲೇ ಅದನ್ನು ನಿಮ್ಮ ಹೆಸರಿಗೆ ತೆಗೆದಿಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಕಾರ್ಟ್ ಮಾಡಿ, ಮಧ್ಯಾಹ್ನ ಊಟ ಮಾಡಿ, ಮಲಗಿ ಎದ್ದು ಐದಕ್ಕೆ ಕನ್‌ಫರ್ಮ್ ಒತ್ತಿದರೆ ಅಷ್ಟು ಹೊತ್ತಿಗೆ ಎಂಟು ಬಾಕ್ಸ್ ಮೂರಾಗಿರಬಹುದು, ದರವೂ ಬದಲಾಗಿರಬಹುದು. ಅದಕ್ಕೇ ಚೆನ್ನಾಗಿ ಮಾಡಿದ ಪೋರ್ಟಲ್ ಕೊನೆಯ ಗುಂಡಿ ಒತ್ತಿದಾಗ ದರವನ್ನೂ ಸ್ಟಾಕನ್ನೂ ಇನ್ನೊಮ್ಮೆ ಪರೀಕ್ಷಿಸಿ, ವ್ಯತ್ಯಾಸ ಬಂದಿದ್ದರೆ ನಿಮ್ಮನ್ನು ಮತ್ತೆ ಕೇಳುತ್ತದೆ. ಅದನ್ನು ಕಿರಿಕಿರಿ ಎಂದು ಬೈಯಬೇಡಿ, ನಿಮ್ಮ ದುಡ್ಡು ಕಾಯುತ್ತಿರುವುದೇ ಅದು. ಕೆಲವು ಏಜೆನ್ಸಿಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿನ ಲೆಕ್ಕ ಪೋರ್ಟಲ್‌ಗೆ ಆಗಿಂದಾಗ್ಗೆ ಮಾತ್ರ ಹೋಗುತ್ತದೆ, ಕ್ಷಣಕ್ಷಣಕ್ಕೂ ಅಲ್ಲ. 'ಕೊನೆಯದಾಗಿ ನವೀಕರಿಸಿದ್ದು' ಎಂದು ಸಮಯ ತೋರಿಸಿದ್ದರೆ ಅದರ ಮೇಲೆ ಒಂದು ಕಣ್ಣಿಡಿ. ಕನ್‌ಫರ್ಮ್ ಆಗುವ ತನಕ ಮದುವೆ ಮನೆಯವರಿಗೆ "ಎಣ್ಣೆ ನಾನು ಕೊಡುತ್ತೇನೆ" ಎಂದು ಮಾತು ಕೊಡಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ಅದು.

ಇಷ್ಟೆಲ್ಲ ಆದ ಮೇಲೆ, ಯಾವ ಆರ್ಡರನ್ನು ಮತ್ತೆ ಹಾಕುತ್ತಿದ್ದೀರಿ ಅನ್ನುವುದನ್ನೇ ಜನ ನೋಡುವುದಿಲ್ಲ. ಪಟ್ಟಿಯಲ್ಲಿ ಮೇಲೆ ಇದ್ದದ್ದನ್ನು ಒತ್ತುತ್ತಾರೆ. ಅದು ದೀಪಾವಳಿಗೆ ಹಾಕಿದ ಆರ್ಡರ್ ಆಗಿದ್ದರೆ ಕಾರ್ತಿಕದ ಕೊನೆಗೆ ನಿಮ್ಮ ಅಂಗಡಿಯಲ್ಲಿ ಡಾಲ್ಡಾ, ಮೈದಾ, ಗೋಡಂಬಿ ಗುಡ್ಡೆ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ವ್ಯಾಪಾರ ಇದ್ದಷ್ಟೇ ಮಾಲು ತರಿಸಬೇಕು. ಸಾಧಾರಣ ವಾರದ ಒಂದು ಆರ್ಡರನ್ನು ಆರಿಸಿ, ಪೋರ್ಟಲ್ ಬಿಟ್ಟರೆ ಅದಕ್ಕೆ 'ವಾರದ ಪಟ್ಟಿ' ಅಂತ ಹೆಸರಿಟ್ಟು ಉಳಿಸಿಕೊಳ್ಳಿ, ಹಬ್ಬದ್ದಕ್ಕೆ ಬೇರೆ ಪಟ್ಟಿ ಇರಲಿ. ಇನ್ನೂ ಒಂದು ಸೂಕ್ಷ್ಮ ಇದೆ. ಹೋದ ಸಲ ನೀವು 10 ಕೇಳಿದಿರಿ, ಸ್ಟಾಕ್ ಇಲ್ಲದೆ ಬಂದದ್ದು 6, ಅದರಲ್ಲಿ ಐದು ಮಾರಿ ಇನ್ನೂ ಒಂದು ಉಳಿದಿದೆ. ಹೆಚ್ಚಿನ ಪೋರ್ಟಲ್‌ಗಳು ನೀವು ಕೇಳಿದ ಹತ್ತನ್ನೇ ಮತ್ತೆ ತರುತ್ತವೆ, ಬಂದ ಆರನ್ನಲ್ಲ. ಆರು ಬಂದು ಒಂದು ಉಳಿದಿದ್ದರೆ ನಿಮ್ಮ ಖರ್ಚು ಐದು. ಹತ್ತು ಯಾಕೆ ಬೇಕು? ಗುಂಡಿ ಒತ್ತುವ ಮೊದಲು ಎದ್ದು ಒಮ್ಮೆ ರ‍್ಯಾಕ್ ನೋಡಿ ಬನ್ನಿ. ಪೋರ್ಟಲ್‌ಗೆ ಏಜೆನ್ಸಿಯ ಗೋದಾಮು ಕಾಣುತ್ತದೆ, ನಿಮ್ಮ ರ‍್ಯಾಕ್ ಕಾಣುವುದಿಲ್ಲ.

ಹಿಂದಿನ ಬಾಕಿ ಜಾಸ್ತಿ ಇದ್ದರೆ ಆರ್ಡರ್ 'ಹೋಲ್ಡ್' ಎಂದು ನಿಂತಿರುತ್ತದೆ. ಅದನ್ನು ಕನ್‌ಫರ್ಮ್ ಎಂದು ಓದಿಕೊಳ್ಳಬೇಡಿ. ಮೊದಲು ಒಂದಿಷ್ಟು ಕಟ್ಟಿ, ಆಮೇಲೆ ಗಾಡಿ ಕಾಯಿರಿ.

ಕಡೆಯದಾಗಿ ನೆಟ್‌ವರ್ಕ್ ವಿಚಾರ. ಕನ್‌ಫರ್ಮ್ ಒತ್ತಿದಿರಿ, ಚಕ್ರ ತಿರುಗುತ್ತಲೇ ಇದೆ. ನೀವು ತಾಳ್ಮೆಗೆಟ್ಟು ಮತ್ತೆ ಒತ್ತುತ್ತೀರಿ, ಅಷ್ಟರಲ್ಲಿ ಮಗನೂ ತನ್ನ ಫೋನಿನಿಂದ ಅದೇ ಲಾಗಿನ್‌ನಲ್ಲಿ ಒತ್ತುತ್ತಾನೆ. ಇತ್ತ ನಮ್ಮ ಮೇಜಿನ ಮೇಲೆ ಒಂದೇ ಅಂಗಡಿಯ ಒಂದೇ ಥರದ ಆರ್ಡರ್ ಎರಡೋ ಮೂರೋ ಬಂದು ಕೂರುತ್ತವೆ. ಎರಡೂ ನಿಜವೇ ಇರಬಹುದು ಅಂತ ಬಿಲ್ಲಿಂಗ್ ಹುಡುಗ ಎರಡನ್ನೂ ಬಿಲ್ ಮಾಡುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಚಕ್ರ ನಿಲ್ಲದಿದ್ದರೆ ಪುಟ ಮುಚ್ಚಿ, ಐದು ನಿಮಿಷ ಬಿಟ್ಟು 'ನನ್ನ ಆರ್ಡರ್‌ಗಳು' ತೆರೆದು ಇವತ್ತಿನ ತಾರೀಖಿನಲ್ಲಿ ಆರ್ಡರ್ ಸಂಖ್ಯೆ ಬಂದಿದೆಯೇ ನೋಡಿ. ಸಂಖ್ಯೆ ಇದ್ದರೆ ಆರ್ಡರ್ ಆಗಿದೆ, ಮತ್ತೆ ಒತ್ತಬೇಡಿ. ಇಲ್ಲದಿದ್ದರೆ ಇನ್ನೊಮ್ಮೆ ಒತ್ತಿ. ಎರಡು ಸಂಖ್ಯೆ ಕಂಡರೆ ಬಿಲ್ ಆಗುವ ಮೊದಲೇ ನಮಗೆ ಫೋನ್ ಮಾಡಿ, ಒಂದನ್ನು ರದ್ದು ಮಾಡಿಕೊಡುತ್ತೇವೆ. ಬಿಲ್ ಆಗಿ ಮಾಲು ಗಾಡಿ ಹತ್ತಿದ ಮೇಲೆ ಫೋನ್ ಮಾಡಿದರೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ.